ಐವತ್ತು ಪಟ್ಟು: ಎರಡು ಊರಿನ ನೆರಳು, ಒಂದು ಭೂಮಿಯ ಅಳತೆ

ಇವತ್ತಿನ ಕಥೆಯನ್ನ ನಿಮ್ಮಲ್ಲಿ ತುಂಬಾ ಜನ ರೀಲ್ಸಲ್ಲಿ ನೋಡಿರ್ತೀರಿ. ಎರಡು ಸಾವಿರ ವರ್ಷದ ಹಿಂದೆ ಒಬ್ಬ ಗ್ರೀಕ್ ಪಂಡಿತ ಒಂದು ಕಡ್ಡಿಯ ನೆರಳು ನೋಡಿ ಇಡೀ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ, ಉತ್ತರದಲ್ಲಿ ತಪ್ಪು ಶೇಕಡಾ ಒಂದಕ್ಕಿಂತ ಕಡಿಮೆ ಅಂತ. ಮೂವತ್ತು ಸೆಕೆಂಡ್ ವಿಡಿಯೋ, ಹಿಂದೆ ಜೋರು ಮ್ಯೂಸಿಕ್, ಮುಗೀತು.

ನಾನು ಬಿ.ಕಾಂ ಓದಿದವನು. ಯಾರಾದ್ರೂ "ತಪ್ಪು ಒಂದು ಪರ್ಸೆಂಟ್" ಅಂದ್ರೆ ಯಾವ ಲೆಕ್ಕದ ಮೇಲೆ ಅಂತ ಕೇಳೋದು ಅಭ್ಯಾಸ ಆಗಿಬಿಟ್ಟಿದೆ. ಹಾಗೆ ಕೇಳ್ತಾ ಹೋದಾಗ ಈ ಕಥೆ ಇನ್ನೂ ಚೆನ್ನಾಗಿ ಕಾಣಿಸ್ತು. ಆ ಒಂದು ಪರ್ಸೆಂಟನ್ನ ಮಾತ್ರ ನಂಬೋಕೆ ಆಗಲಿಲ್ಲ.

ಮೊದಲು ಮನುಷ್ಯನ ಪರಿಚಯ. ಹೆಸರು ಎರಾಟೋಸ್ಥೆನೀಸ್. ಹುಟ್ಟಿದ್ದು ಸುಮಾರು ಕ್ರಿ.ಪೂ. 276ರಲ್ಲಿ, ಸೈರೀನ್ ಅನ್ನೋ ಊರಲ್ಲಿ. ಅದು ಇವತ್ತಿನ ಲಿಬಿಯಾದಲ್ಲಿದೆ. ಆಮೇಲೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೆಸರಾಂತ ಗ್ರಂಥಾಲಯಕ್ಕೆ ಮುಖ್ಯಸ್ಥನಾದ. ಅವನಿಗೊಂದು ಅಡ್ಡಹೆಸರೂ ಇತ್ತು: ಬೀಟಾ. ಗ್ರೀಕ್ ಅಕ್ಷರಮಾಲೆಯ ಎರಡನೇ ಅಕ್ಷರ. ಎಲ್ಲಾ ವಿಷಯದಲ್ಲೂ ಕೈ ಹಾಕ್ತಾನೆ, ಎಲ್ಲದರಲ್ಲೂ ಎರಡನೇ ಸ್ಥಾನ ಅಂತ ಕಾಲೆಳೀತಿದ್ರು.

ಭೂಮಿ ಅಳೆದ ಬಗ್ಗೆ ಅವನು ಬರೆದ ಪುಸ್ತಕ ಉಳಿದಿಲ್ಲ. ನಮಗೆ ಗೊತ್ತಿರೋದು ಬೇರೆಯವರು ಬರೆದಿಟ್ಟಿದ್ದರಿಂದ, ಮುಖ್ಯವಾಗಿ ಅವನಿಗಿಂತ ಎಷ್ಟೋ ತಲೆಮಾರು ಆಮೇಲೆ ಬಂದ ಕ್ಲಿಯೋಮಿಡೀಸ್ ಅನ್ನೋ ಲೇಖಕನಿಂದ. ಅವನು ಹೇಳೋ ಲೆಕ್ಕ ಹೀಗಿದೆ.

ಈಜಿಪ್ಟಿನ ದಕ್ಷಿಣದ ತುದಿಯಲ್ಲಿ ಸೈಯೀನ್ ಅಂತ ಒಂದು ಊರು. ಇವತ್ತಿನ ಅಸ್ವಾನ್. ವರ್ಷದ ಅತಿ ಉದ್ದದ ಹಗಲಿನ ದಿನ, ಅಂದ್ರೆ ಜೂನ್ 21ರ ಆಸುಪಾಸು, ಅಲ್ಲಿ ನಡು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ನೆಟ್ಟಗೆ ನಿಲ್ಲಿಸಿದ ಕಡ್ಡಿಗೆ ನೆರಳೇ ಇರಲ್ಲ. ಇದು ಆಗಲೇ ಎಲ್ಲರಿಗೂ ಗೊತ್ತಿದ್ದ ವಿಷಯ. ರೀಲ್ಸಲ್ಲಿ ಬರೋ ಬಾವಿಯೂ ಸುಳ್ಳಲ್ಲ. ಆ ದಿನ ಬಿಸಿಲು ತಳ ಮುಟ್ಟೋ ಸೈಯೀನಿನ ಬಾವಿಯನ್ನ ಸ್ಟ್ರಾಬೋ, ಪ್ಲಿನಿ ಇಬ್ಬರೂ ಹೇಳ್ತಾರೆ. ಆದ್ರೆ ಕ್ಲಿಯೋಮಿಡೀಸ್ ಹೇಳೋ ಲೆಕ್ಕಕ್ಕೆ ಬಾವಿ ಬೇಕಾಗಿಲ್ಲ.

ಅದೇ ದಿನ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನಡು ಮಧ್ಯಾಹ್ನ ನೆರಳು ಬೀಳತ್ತೆ. ಅದನ್ನ ಅಳೆದದ್ದು ಬಟ್ಟಲಿನ ಥರ ಇರೋ ಒಂದು ನೆರಳು ಗಡಿಯಾರದಲ್ಲಿ. ಅರ್ಧ ಗೋಳದ ಬಟ್ಟಲು, ಅದರ ತಳದ ನಡುವೆ ಒಂದು ಮುಳ್ಳು. ಮುಳ್ಳಿನ ನೆರಳು ಬಟ್ಟಲಿನ ಒಳಮೈ ಮೇಲೆ ಬೀಳತ್ತೆ. ಆ ಮೈ ವೃತ್ತದ ಆಕಾರದಲ್ಲೇ ಇರೋದ್ರಿಂದ, ನೆರಳು ಪೂರ್ತಿ ವೃತ್ತದಲ್ಲಿ ಎಷ್ಟನೇ ಭಾಗ ಅಂತ ನೇರವಾಗಿ ಓದಬಹುದು. ಬಂದ ಉತ್ತರ: ಐವತ್ತರಲ್ಲಿ ಒಂದು ಭಾಗ. ನಮ್ಮ ಲೆಕ್ಕದಲ್ಲಿ 7.2 ಡಿಗ್ರಿ.

ಈಗ ಒಂದು ಮೂಸಂಬಿ ನೆನಪಿಸಿಕೊಳ್ಳಿ. ಅದಕ್ಕೆ ಎರಡು ಕಡೆ ನೆಟ್ಟಗೆ ಎರಡು ಕಡ್ಡಿ ಚುಚ್ಚಿ. ಎರಡನ್ನೂ ಒಳಗೆ ತಳ್ಳಿದ್ರೆ ಹಣ್ಣಿನ ಮಧ್ಯದಲ್ಲಿ ಸೇರತ್ತೆ, ಅಲ್ವಾ? ಸೂರ್ಯ ತುಂಬಾ ದೂರ ಇರೋದ್ರಿಂದ ಬೆಳಕಿನ ಗೆರೆಗಳು ಎರಡೂ ಕಡ್ಡಿಗೆ ಒಂದೇ ದಿಕ್ಕಿನಿಂದ, ಒಂದಕ್ಕೊಂದು ಸಮಾನಾಂತರವಾಗಿ ಬರತ್ತೆ. ಒಂದು ಕಡ್ಡಿಗೆ ನೆರಳಿಲ್ಲ, ಇನ್ನೊಂದಕ್ಕೆ ಇದೆ ಅಂದ್ರೆ ಆ ವ್ಯತ್ಯಾಸ ಬಂದಿದ್ದು ಕಡ್ಡಿಗಳ ನಡುವಿನ ಓರೆಯಿಂದಲೇ. ಹಾಗಾಗಿ ಅಲೆಕ್ಸಾಂಡ್ರಿಯಾದ ನೆರಳಿನ ಕೋನ ಎಷ್ಟೋ, ಭೂಮಿಯ ಕೇಂದ್ರದಲ್ಲಿ ಎರಡು ಊರಿನ ನಡುವಿನ ಕೋನವೂ ಅಷ್ಟೇ.

ಇಲ್ಲಿಂದ ಮುಂದೆ ನಾವು ಶಾಲೆಯಲ್ಲಿ ಮಾಡಿದ ತ್ರೈರಾಶಿ. ಈ ಎರಡು ಊರಿನ ನಡುವಿನ ದಾರಿ ಪೂರ್ತಿ ಸುತ್ತಿನ ಐವತ್ತನೇ ಒಂದು ಭಾಗ. ಆ ದೂರ 5,000 ಸ್ಟೇಡಿಯನ್. ಹಾಗಾದ್ರೆ ಪೂರ್ತಿ ಸುತ್ತು 2,50,000 ಸ್ಟೇಡಿಯನ್.

"ಆಗ ಫೋನ್ ಇರಲಿಲ್ಲ, ಒಂದೇ ಹೊತ್ತಿಗೆ ಎರಡು ಊರಲ್ಲಿ ಅಳೆದದ್ದು ಹೇಗೆ?" ಅಂತ ಕೇಳಬಹುದು. ಅದರ ಅಗತ್ಯವೇ ಇಲ್ಲ. ಆಯಾ ಊರಲ್ಲಿ ನೆರಳು ಅತಿ ಚಿಕ್ಕದಾಗೋ ಕ್ಷಣವೇ ಅಲ್ಲಿನ ನಡು ಮಧ್ಯಾಹ್ನ. ಆ ಉದ್ದದ ಹಗಲಿನ ಆಸುಪಾಸಿನ ದಿನಗಳಲ್ಲಿ ಸೂರ್ಯನ ಎತ್ತರ ಹೆಚ್ಚುಕಮ್ಮಿ ಬದಲಾಗೋದೇ ಇಲ್ಲ. ಒಂದೆರಡು ದಿನ ಆಚೀಚೆ ಆದ್ರೂ ನಡೆಯತ್ತೆ, ಬೇರೆ ವರ್ಷದಲ್ಲಿ ಅಳೆದ್ರೂ ನಡೆಯತ್ತೆ. ಆ ದಿನವನ್ನ ಆರಿಸಿದ್ದರಲ್ಲಿ ಅರ್ಧ ಜಾಣತನ ಇದೆ.

ಈಗ ಆಡಿಟ್ ಶುರು ಮಾಡೋಣ.

ಮೊದಲು ಸೈಯೀನ್. ಅದು ನಿಜವಾಗಿ ಸೂರ್ಯ ನೆತ್ತಿಗೆ ಬರೋ ಗೆರೆಯ ಮೇಲೆ ಇಲ್ಲ. ಅಸ್ವಾನಿನ ಅಕ್ಷಾಂಶ ಸುಮಾರು 24.1 ಡಿಗ್ರಿ. ಆ ಕಾಲದಲ್ಲಿ ಕರ್ಕಾಟಕ ವೃತ್ತ ಇದ್ದದ್ದು ಸುಮಾರು 23.7 ಡಿಗ್ರಿಯಲ್ಲಿ. ಅಂದ್ರೆ ಸೂರ್ಯನ ನಡು ನೆತ್ತಿಗೆ ಬರ್ತಾನೇ ಇರಲಿಲ್ಲ. ಆದ್ರೂ ನೆರಳು ಕಾಣಲಿಲ್ಲ, ಯಾಕೆ? ಸೂರ್ಯ ಒಂದು ಚುಕ್ಕಿ ಅಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಗಾಢ ನೆರಳಿನ ತುದಿಯನ್ನ ತೀರ್ಮಾನ ಮಾಡೋದು ಆ ತಟ್ಟೆಯ ಮೇಲಿನ ಅಂಚು. ಆ ಅಂಚು ನೆತ್ತಿಯಿಂದ ಸುಮಾರು 0.1 ಡಿಗ್ರಿ ಮಾತ್ರ ಆಚೆ ಇರ್ತಿತ್ತು. ಒಂದು ಮೀಟರ್ ಕಡ್ಡಿಗೆ ಅದು ಎರಡು ಮಿಲಿಮೀಟರಿಗಿಂತ ಕಡಿಮೆ ನೆರಳು. ಯಾರ ಕಣ್ಣಿಗೆ ಬೀಳತ್ತೆ?

ಅಲೆಕ್ಸಾಂಡ್ರಿಯಾದಲ್ಲೂ ಇದೇ ಕಥೆ. ಸೂರ್ಯನ ನಡುವನ್ನ ಲೆಕ್ಕಕ್ಕೆ ತಗೊಂಡ್ರೆ ಕೋನ ಸುಮಾರು 7.5 ಡಿಗ್ರಿ ಬರಬೇಕಿತ್ತು. ಮೇಲಂಚು ತಗೊಂಡ್ರೆ ಸರಿಸುಮಾರು 7.2. ಅವನಿಗೆ ಸಿಕ್ಕಿದ್ದು ಅದೇ. ಎರಡೂ ಊರಲ್ಲಿ ಒಂದೇ ಥರದ ತಪ್ಪು ಇದ್ದದ್ದರಿಂದ, ಒಂದರಿಂದ ಒಂದನ್ನ ಕಳೆದಾಗ ತಪ್ಪು ಬಹುಮಟ್ಟಿಗೆ ವಜಾ ಆಗಿಹೋಯ್ತು. ಎರಡು ಊರಿನ ಅಕ್ಷಾಂಶದ ನಿಜವಾದ ವ್ಯತ್ಯಾಸ 7.1 ಡಿಗ್ರಿ.

ಇನ್ನೊಂದು ಸೂಕ್ಷ್ಮ ವಿಷಯವನ್ನ ಕ್ಲಿಯೋಮಿಡೀಸನೇ ಹೇಳಿಬಿಟ್ಟಿದ್ದಾನೆ. ಸೈಯೀನಿನ ಸುತ್ತ ನೆರಳು ಬೀಳದ ಜಾಗದ ಅಗಲ 300 ಸ್ಟೇಡಿಯನ್ ಅಂತೆ. ಅಂದ್ರೆ "ನೆರಳಿಲ್ಲದ ಊರು" 150 ಸ್ಟೇಡಿಯನ್ ಆಚೆಗೂ ಇರಬಹುದು, ಈಚೆಗೂ ಇರಬಹುದು. 5,000ಕ್ಕೆ 150 ಅಂದ್ರೆ ಶೇಕಡಾ ಮೂರು. ಇನ್‌ಪುಟ್‌ನಲ್ಲೇ ಮೂರು ಪರ್ಸೆಂಟ್ ಅನುಮಾನ ಇರುವಾಗ ಉತ್ತರ ಒಂದು ಪರ್ಸೆಂಟ್ ಒಳಗೆ ಬಂದ್ರೆ ಅದರಲ್ಲಿ ಅದೃಷ್ಟದ ಪಾಲೂ ಇದೆ.

ಆಮೇಲೆ ದೂರ. ಐದು ಸಾವಿರ ಅನ್ನೋದು ಎಷ್ಟು ದುಂಡಗಿದೆ ನೋಡಿ! ಅದರ ಮೇಲೆ ಸೈಯೀನ್ ಅಲೆಕ್ಸಾಂಡ್ರಿಯಾಕ್ಕೆ ನೇರ ದಕ್ಷಿಣದಲ್ಲೂ ಇಲ್ಲ, ಸುಮಾರು ಮೂರು ಡಿಗ್ರಿ ಪೂರ್ವಕ್ಕಿದೆ. ನೇರ ಗೆರೆ ಎಳೆದ್ರೆ ಸುಮಾರು 840 ಕಿಲೋಮೀಟರ್. ಆದ್ರೆ ಈ ಲೆಕ್ಕಕ್ಕೆ ಬೇಕಾಗಿರೋದು ಉತ್ತರ-ದಕ್ಷಿಣದ ದೂರ ಮಾತ್ರ. ಅದು ಸುಮಾರು 790.

ಕೊನೆಗೆ ಅಳತೆಯ ಘಟಕ. ಒಂದು ಸ್ಟೇಡಿಯನ್ ಅಂದ್ರೆ ಎಷ್ಟು ಮೀಟರ್? ಎಲ್ಲಾ ಜಗಳ ಇಲ್ಲೇ. ಪ್ಲಿನಿ ಬರೆದ ಒಂದು ಸಾಲಿನಿಂದ ಲೆಕ್ಕ ಹಾಕೋರು 157.5 ಮೀಟರ್ ಅಂತಾರೆ. ಅಥೆನ್ಸಿನ ಸ್ಟೇಡಿಯನ್ ತಗೊಂಡ್ರೆ ಸುಮಾರು 185 ಮೀಟರ್. ಮೊದಲನೆಯದರಲ್ಲಿ 2,50,000 ಸ್ಟೇಡಿಯನ್ ಅಂದ್ರೆ 39,375 ಕಿಲೋಮೀಟರ್. ಎರಡನೆಯದರಲ್ಲಿ 46,250. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ 40,008. ಒಂದರಲ್ಲಿ ತಪ್ಪು ಎರಡು ಪರ್ಸೆಂಟ್‌ಗಿಂತ ಕಡಿಮೆ, ಇನ್ನೊಂದರಲ್ಲಿ ಹದಿನೈದಕ್ಕಿಂತ ಹೆಚ್ಚು.

ಹಾಗಾದ್ರೆ ರೀಲ್ಸಿನ ಒಂದು ಪರ್ಸೆಂಟ್ ಎಲ್ಲಿಂದ ಬಂತು? ಸ್ಟ್ರಾಬೋ, ಪ್ಲಿನಿ ಕೊಡೋ ಸಂಖ್ಯೆ 2,52,000. ಅದು 60ಕ್ಕೂ 360ಕ್ಕೂ ಸರಿಯಾಗಿ ಭಾಗವಾಗತ್ತೆ, ಡಿಗ್ರಿಗೆ 700 ಸ್ಟೇಡಿಯನ್. ಲೆಕ್ಕ ಸುಲಭ ಆಗಲಿ ಅಂತ ಮಾಡಿದ ರೌಂಡ್ ಆಫ್ ಥರ ಕಾಣತ್ತೆ. ಈ ಸಂಖ್ಯೆಯನ್ನ 157.5ರಿಂದ ಗುಣಿಸಿದ್ರೆ 39,690 ಕಿಲೋಮೀಟರ್, ತಪ್ಪು ಒಂದು ಪರ್ಸೆಂಟ್ ಒಳಗೆ. ಅಂದ್ರೆ ಅನುಕೂಲದ ಸಂಖ್ಯೆ, ಅನುಕೂಲದ ಸ್ಟೇಡಿಯನ್, ಎರಡನ್ನೂ ನಾವೇ ಆರಿಸಿಕೊಂಡ ಮೇಲೆ ಬಂದ ನಿಖರತೆ ಅದು.

ಆದ್ರೆ ಮೀಟರ್ ಬಿಟ್ಟು ನೋಡಿ. ಎರಾಟೋಸ್ಥೆನೀಸ್ ನಿಜವಾಗಿ ಕಂಡುಹಿಡಿದದ್ದು "ಭೂಮಿ ಈ ದಾರಿಯ ಐವತ್ತು ಪಟ್ಟು" ಅನ್ನೋದನ್ನ. ಇದಕ್ಕೆ ಸ್ಟೇಡಿಯನ್ ಬೇಕಿಲ್ಲ. 790ಕ್ಕೆ ಐವತ್ತು ಪಟ್ಟು ಹಾಕಿ: 39,500 ಕಿಲೋಮೀಟರ್. ನೇರ ಗೆರೆಯ 840ಕ್ಕೆ ಹಾಕಿ: 42,000. ಹೇಗೆ ನೋಡಿದ್ರೂ ತಪ್ಪು ಐದು ಪರ್ಸೆಂಟ್ ಒಳಗೇ. ಬಟ್ಟಲು, ಮುಳ್ಳು, ಬಿಸಿಲು ಇಷ್ಟರಲ್ಲೇ ಸಿಕ್ಕಿದ್ದಕ್ಕೆ ಅದು ಭರ್ಜರಿ ಫಲಿತಾಂಶ.

ಇನ್ನೊಂದು ಮಾತು. ಈ ಪ್ರಯೋಗ ಭೂಮಿ ಗುಂಡಗಿದೆ ಅಂತ ಸಾಬೀತು ಮಾಡಲಿಲ್ಲ. ಭೂಮಿ ಚಪ್ಪಟೆ, ಸೂರ್ಯ ಬರೀ ಆರು ಸಾವಿರ ಕಿಲೋಮೀಟರ್ ಮೇಲೆ ಇದ್ದಾನೆ ಅಂದುಕೊಂಡ್ರೂ ಎರಡು ಊರಿನ ನೆರಳು ಹೀಗೇ ಬೀಳತ್ತೆ. ಎರಡನ್ನೂ ಬೇರೆ ಮಾಡೋಕೆ ಮೂರನೇ ಊರಿನ ನೆರಳು ಬೇಕು. ಭೂಮಿ ಗುಂಡಗಿದೆ ಅನ್ನೋದು ಗ್ರೀಕರಿಗೆ ಮೊದಲೇ ಗೊತ್ತಿತ್ತು. ಚಂದ್ರಗ್ರಹಣದಲ್ಲಿ ಭೂಮಿಯ ನೆರಳು ದುಂಡಗೆ ಕಾಣತ್ತೆ ಅಂತ ಅರಿಸ್ಟಾಟಲ್ ಬರೆದಿದ್ದ. ಎರಾಟೋಸ್ಥೆನೀಸ್ ಕೇಳಿದ್ದು "ಎಷ್ಟು ದೊಡ್ಡದು?" ಅಂತ ಅಷ್ಟೇ.

ಘಟಕ ತಪ್ಪಿದ್ರೆ ಏನಾಗತ್ತೆ ಅನ್ನೋದಕ್ಕೆ ಇತಿಹಾಸದಲ್ಲೇ ಒಂದು ಉದಾಹರಣೆ ಇದೆ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಖಲೀಫ ಅಲ್-ಮಾಮೂನ್ ಕಾಲದ ವಿದ್ವಾಂಸರು, ಇವತ್ತಿನ ಇರಾಕಿನ ಸಿಂಜಾರ್ ಬಯಲಲ್ಲಿ ನೇರ ಉತ್ತರ-ದಕ್ಷಿಣಕ್ಕೆ ನಡೆದು ಒಂದು ಡಿಗ್ರಿಯ ದೂರ ಅಳೆದ್ರು. ಅಲ್-ಫರ್ಗಾನಿ ತನ್ನ ಪುಸ್ತಕದಲ್ಲಿ ಒಂದು ಡಿಗ್ರಿಗೆ ಐವತ್ತಾರೂ ಮೂರನೇ ಎರಡು ಮೈಲಿ ಅಂತ ಬರೆದ. ಅವು ಅರಬ್ ಮೈಲಿ, ಒಂದೊಂದೂ ಎರಡು ಕಿಲೋಮೀಟರ್ ಹತ್ತಿರ. ಕೊಲಂಬಸ್ ಇದೇ ಸಂಖ್ಯೆ ತಗೊಂಡ, ಆದ್ರೆ ಇಟಲಿಯ ಮೈಲಿ ಅಂತ ಓದಿಕೊಂಡ. ಅದು ಸುಮಾರು ಒಂದೂವರೆ ಕಿಲೋಮೀಟರ್. ಅವನ ಲೆಕ್ಕದಲ್ಲಿ ಭೂಮಿ ಕಾಲು ಭಾಗ ಕುಗ್ಗಿಹೋಯ್ತು, ಪಶ್ಚಿಮಕ್ಕೆ ಹೋದ್ರೆ ಏಷ್ಯಾ ಇಲ್ಲೇ ಪಕ್ಕದಲ್ಲಿ ಅನ್ನಿಸ್ತು. 1492ರಲ್ಲಿ ಹೊರಟ. ನಡುವೆ ಅಮೆರಿಕಾ ಅಡ್ಡ ಸಿಕ್ಕಿದ್ದಕ್ಕೆ ಹಡಗಿನವರು ಬದುಕಿದ್ರು. ಇಲ್ಲದಿದ್ದರೆ ಊಟ, ನೀರು ಮುಗಿದು ನಡು ಸಮುದ್ರದಲ್ಲೇ ಕಥೆ ಮುಗೀತಿತ್ತು.

ಸಂಖ್ಯೆ ಸರಿ ಇತ್ತು, ಮೈಲಿ ತಪ್ಪಿತ್ತು. ಮುಂದಿನ ಸಲ ಆ ರೀಲ್ ಬಂದಾಗ ಕಾಮೆಂಟಲ್ಲಿ ಒಂದೇ ಪ್ರಶ್ನೆ ಹಾಕಿ: "ಯಾವ ಸ್ಟೇಡಿಯನ್?" ಮತ್ತೆ ಸಿಗೋಣ.