ಸಂಯುಕ್ತ ಪೂರೈಕೆ ಮತ್ತು ಮಿಶ್ರ ಪೂರೈಕೆ

ಸಂಯುಕ್ತ ಪೂರೈಕೆ ಮತ್ತು ಮಿಶ್ರ ಪೂರೈಕೆ ಎಂಬುವು ಭಾರತದ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಕಾನೂನಿನ ಎರಡು ಪರಿಕಲ್ಪನೆಗಳು. ಬೇರೆ ಬೇರೆ ವಸ್ತುಗಳನ್ನು ಅಥವಾ ಸೇವೆಗಳನ್ನು ಒಂದೇ ಕಟ್ಟಾಗಿ ಮಾರಿದಾಗ ಇಡೀ ಕಟ್ಟಿಗೆ ಯಾವ ದರದಲ್ಲಿ ತೆರಿಗೆ ವಿಧಿಸಬೇಕೆಂಬುದನ್ನು ಇವು ನಿರ್ಧರಿಸುತ್ತವೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 2ನೇ ಸೆಕ್ಷನ್ನಿನಲ್ಲಿ ಇವುಗಳ ವ್ಯಾಖ್ಯೆಯೂ 8ನೇ ಸೆಕ್ಷನ್ನಿನಲ್ಲಿ ತೆರಿಗೆಯ ನಿಯಮವೂ ಇವೆ. ದೀಪಾವಳಿಯ ಸಮಯದಲ್ಲಿ ಮಾರಾಟವಾಗುವ ಉಡುಗೊರೆ ಬುಟ್ಟಿ ಇವುಗಳ ವ್ಯತ್ಯಾಸವನ್ನು ತಿಳಿಯಲು ಸೂಕ್ತವಾದ ಉದಾಹರಣೆ.

ಸಂಯುಕ್ತ ಪೂರೈಕೆ

ವ್ಯಾಪಾರದ ಸಾಮಾನ್ಯ ಕ್ರಮದಲ್ಲಿ ಸಹಜವಾಗಿಯೇ ಜೊತೆಗೂಡಿ ಬರುವ, ಅವುಗಳಲ್ಲಿ ಒಂದು ಪ್ರಧಾನವಾಗಿರುವ ಪೂರೈಕೆಗಳ ಸಮೂಹವೇ ಸಂಯುಕ್ತ ಪೂರೈಕೆ. ಪ್ರಧಾನ ವಸ್ತುವಿನ ದರವೇ ಇಡೀ ಕಟ್ಟಿಗೂ ಅನ್ವಯಿಸುತ್ತದೆ. ಉದಾಹರಣೆಗೆ, ಅಂಗಡಿಯೊಂದು ಮೈಸೂರು ಪಾಕನ್ನು ಡಬ್ಬದಲ್ಲಿ ತುಂಬಿ ಬೇರೆ ಊರಿನ ಗ್ರಾಹಕನಿಗೆ ತಲುಪಿಸಿ, ಅದರ ಸಾಗಣೆ ವೆಚ್ಚವನ್ನೂ ಪಡೆಯುತ್ತದೆ ಎಂದುಕೊಳ್ಳೋಣ. ಗ್ರಾಹಕನಿಗೆ ಬೇಕಾದದ್ದು ಸಿಹಿತಿಂಡಿ. ಡಬ್ಬವೂ ಸಾಗಣೆಯೂ ಅದಕ್ಕೆ ಪೂರಕ. ಆದುದರಿಂದ ಕೊರಿಯರ್ ಸೇವೆಯನ್ನು ಪ್ರತ್ಯೇಕವಾಗಿ ಪಡೆದರೆ 18% ತೆರಿಗೆ ಇದ್ದರೂ, ಇಲ್ಲಿ ಒಟ್ಟು ಮೊತ್ತಕ್ಕೆ ಸಿಹಿತಿಂಡಿಯ 5% ದರವೇ ಸಲ್ಲುತ್ತದೆ.

ಮಿಶ್ರ ಪೂರೈಕೆ

ಒಂದನ್ನೊಂದು ಅವಲಂಬಿಸದ, ಪ್ರತ್ಯೇಕವಾಗಿಯೂ ಮಾರಬಹುದಾದ ವಸ್ತುಗಳನ್ನು ಜೊತೆಗೂಡಿಸಿ ಒಂದೇ ಬೆಲೆಗೆ ಮಾರಿದರೆ, ಅದು ಸಂಯುಕ್ತ ಪೂರೈಕೆಯಾಗಿರದ ಪಕ್ಷದಲ್ಲಿ ಮಿಶ್ರ ಪೂರೈಕೆ ಎನಿಸುತ್ತದೆ. ಇದರಲ್ಲಿ ಪ್ರಧಾನ ವಸ್ತುವೆಂಬುದಿಲ್ಲ. ಕಟ್ಟಿನಲ್ಲಿರುವ ವಸ್ತುಗಳಲ್ಲಿ ಅತಿ ಹೆಚ್ಚಿನ ದರ ಯಾವುದಕ್ಕಿದೆಯೋ ಆ ದರವೇ ಇಡೀ ಕಟ್ಟಿಗೆ ಅನ್ವಯಿಸುತ್ತದೆ. ಸಿಹಿತಿಂಡಿ, ಚಾಕೊಲೇಟ್, ಕೇಕ್, ಒಣಹಣ್ಣು, ಅನಿಲಮಿಶ್ರಿತ ತಂಪು ಪಾನೀಯ ಮೊದಲಾದವುಗಳಿರುವ ಕಟ್ಟನ್ನು ಅಧಿನಿಯಮವೇ ಇದಕ್ಕೆ ಉದಾಹರಣೆಯಾಗಿ ನೀಡಿದೆ.

ಉಡುಗೊರೆ ಬುಟ್ಟಿಯ ಲೆಕ್ಕ

ತೆರಿಗೆ ಸೇರದೆ 1,000 ರೂಪಾಯಿ ಬೆಲೆಯ ಬುಟ್ಟಿಯೊಂದರಲ್ಲಿ 400 ರೂಪಾಯಿಯ ಸಿಹಿತಿಂಡಿ, 400 ರೂಪಾಯಿಯ ದ್ರಾಕ್ಷಿ-ಗೋಡಂಬಿ, 150 ರೂಪಾಯಿಯ ಚಾಕೊಲೇಟ್ ಮತ್ತು 50 ರೂಪಾಯಿಯ ಅನಿಲಮಿಶ್ರಿತ ತಂಪು ಪಾನೀಯ ಇವೆ ಎಂದು ಭಾವಿಸೋಣ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳ ಪ್ರಕಾರ ಮೊದಲ ಮೂರಕ್ಕೆ 5%, ಪಾನೀಯಕ್ಕೆ 40% ತೆರಿಗೆ ಇದೆ.

ಇವನ್ನು ಪ್ರತ್ಯೇಕವಾಗಿ ಮಾರಿದರೆ 950 ರೂಪಾಯಿಗೆ 47.50 ರೂಪಾಯಿ, ಪಾನೀಯಕ್ಕೆ 20 ರೂಪಾಯಿ, ಒಟ್ಟು 67.50 ರೂಪಾಯಿ ತೆರಿಗೆಯಾಗುತ್ತದೆ. ಒಂದೇ ಬೆಲೆಯ ಬುಟ್ಟಿಯಾಗಿ ಮಾರಿದರೆ 1,000 ರೂಪಾಯಿಗೂ 40% ಅನ್ವಯಿಸಿ ತೆರಿಗೆ 400 ರೂಪಾಯಿಗೆ ಏರುತ್ತದೆ. 50 ರೂಪಾಯಿಯ ಒಂದು ಬಾಟಲಿಯಿಂದ 332.50 ರೂಪಾಯಿ ಹೆಚ್ಚುವರಿ ಹೊರೆ ಬೀಳುತ್ತದೆ. ಬಾಟಲಿಯ ಬದಲಿಗೆ ಅದೇ ಬೆಲೆಯ, 5% ದರದ, ಅನಿಲ ಬೆರೆಸದ ಹಣ್ಣಿನ ರಸವನ್ನು ಇಟ್ಟರೆ ಬುಟ್ಟಿ ಮಿಶ್ರ ಪೂರೈಕೆಯಾಗಿಯೇ ಉಳಿದರೂ ತೆರಿಗೆ 50 ರೂಪಾಯಿ ಮಾತ್ರ.

ನಿರ್ಧರಿಸುವ ಕ್ರಮ

ಮೊದಲು ಕೇಳಬೇಕಾದ ಪ್ರಶ್ನೆ: ಈ ವಸ್ತುಗಳು ಸಹಜವಾಗಿ ಜೊತೆಗೂಡಿ ಬರುತ್ತವೆಯೇ, ಅವುಗಳಲ್ಲಿ ಒಂದು ಪ್ರಧಾನವೇ? ಹೌದಾದರೆ ಅದು ಸಂಯುಕ್ತ ಪೂರೈಕೆ. ಅಲ್ಲವಾದರೆ ಎರಡನೆಯ ಪ್ರಶ್ನೆ: ಬೆಲೆ ಒಂದೆಯೇ? ಒಂದೇ ಆದರೆ ಮಿಶ್ರ ಪೂರೈಕೆ. ಗ್ರಾಹಕನು ವಸ್ತುಗಳನ್ನು ತಾನೇ ಆರಿಸಿಕೊಂಡು, ಪ್ರತಿಯೊಂದಕ್ಕೂ ಅದರದೇ ಬೆಲೆ ತೆತ್ತು, ಬಿಲ್ಲಿನಲ್ಲಿಯೂ ಅವು ಬೇರೆ ಬೇರೆಯಾಗಿ ನಮೂದಾಗಿದ್ದರೆ ಅವು ಪ್ರತ್ಯೇಕ ಪೂರೈಕೆಗಳು. ಆಗ ಪ್ರತಿಯೊಂದಕ್ಕೂ ಅದರದೇ ದರ.

ಸಾಮಾನ್ಯ ತಪ್ಪುಗಳು

ಬಾಟಲಿಯನ್ನು ಉಚಿತವೆಂದು ಕರೆದ ಮಾತ್ರಕ್ಕೆ ದರ ಬದಲಾಗುವುದಿಲ್ಲ. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಯೋಜನೆಯನ್ನು ಒಂದು ಬೆಲೆಗೆ ಎರಡು ವಸ್ತುಗಳ ಮಾರಾಟವೆಂದೇ ಪರಿಗಣಿಸಿ, ಅದು ಸಂಯುಕ್ತವೋ ಮಿಶ್ರವೋ ಎಂಬುದನ್ನು ನೋಡಿ ದರ ನಿರ್ಧರಿಸಬೇಕೆಂದು ಕೇಂದ್ರೀಯ ಪರೋಕ್ಷ ತೆರಿಗೆ ಮಂಡಳಿಯು 2019ರ ಮಾರ್ಚ್ ತಿಂಗಳ ಸುತ್ತೋಲೆಯಲ್ಲಿ ತಿಳಿಸಿದೆ. ಹಾಗೆಯೇ, ಬುಟ್ಟಿಯ ಮೇಲೆ ಒಂದೇ ಬೆಲೆಯನ್ನು ಅಂಟಿಸಿ, ಬಿಲ್ಲಿನಲ್ಲಿ ಮಾತ್ರ ಮೊತ್ತವನ್ನು ಹಂಚಿ ಬರೆಯುವುದು ಸುರಕ್ಷಿತವಲ್ಲ. ಮಾರಾಟ ನಿಜವಾಗಿ ಹೇಗೆ ನಡೆಯಿತೆಂಬುದು ಮುಖ್ಯ.

ಕಡಿಮೆ ತೆರಿಗೆ ಪಡೆದದ್ದು ಮುಂದೆ ಪತ್ತೆಯಾದರೆ ಹಬ್ಬ ಮುಗಿದ ಮೇಲೆ ಗ್ರಾಹಕರನ್ನು ಹುಡುಕಿ ವಸೂಲು ಮಾಡಲಾಗದು. ಬಾಕಿಯನ್ನೂ ಅದರ ಮೇಲಿನ ವಾರ್ಷಿಕ 18% ಬಡ್ಡಿಯನ್ನೂ ಅಂಗಡಿಯವನೇ ಭರಿಸಬೇಕಾಗುತ್ತದೆ. ಬುಟ್ಟಿಗಳನ್ನು ಕೊಂಡು ಉಡುಗೊರೆಯಾಗಿ ಹಂಚುವ ಸಂಸ್ಥೆಗೂ ಈ ದರ ಮುಖ್ಯವೇ. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲಿನ ತೆರಿಗೆಗೆ 17ನೇ ಸೆಕ್ಷನ್ನಿನ 5ನೇ ಉಪಸೆಕ್ಷನ್ ಪ್ರಕಾರ ಹೂಡುವಳಿ ತೆರಿಗೆ ಜಮೆ ದೊರೆಯದ ಕಾರಣ, ಆ ತೆರಿಗೆ ಪೂರ್ತಿಯಾಗಿ ಸಂಸ್ಥೆಯ ವೆಚ್ಚವಾಗಿಯೇ ಉಳಿಯುತ್ತದೆ.

ಮಿತಿ

ಡಬ್ಬ ಮತ್ತು ರಟ್ಟಿನ ಪೆಟ್ಟಿಗೆ ಸಿಹಿತಿಂಡಿಯ ಪೂರಕಗಳೆಂಬುದು ಸ್ಪಷ್ಟ. ಆದರೆ ಸಿಹಿತಿಂಡಿಯನ್ನು ಬೆಳ್ಳಿಯ ಬಟ್ಟಲಿನಲ್ಲಿಟ್ಟು ಕೊಟ್ಟಾಗ, ಬಟ್ಟಲಿಗೆ ತನ್ನದೇ ಬೆಲೆಯೂ ಉಪಯೋಗವೂ ಇರುವುದರಿಂದ ಅದನ್ನು ಬರಿಯ ಹೊದಿಕೆ ಎನ್ನುವುದು ಕಷ್ಟ. ಇಂತಹ ಸಂದರ್ಭಗಳಲ್ಲಿ ವ್ಯಾಪಾರಿಯು ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ ಮೊದಲೇ ತೀರ್ಮಾನ ಪಡೆಯಬಹುದು. ಆ ತೀರ್ಪು ಅರ್ಜಿದಾರನಿಗೂ ಅವನ ವ್ಯಾಪ್ತಿಯ ಅಧಿಕಾರಿಗಳಿಗೂ ಮಾತ್ರ ಬದ್ಧವಾಗಿರುತ್ತದೆ.