ಗಿಟಾರಿಗೆ ಒಲಿದ ಶರೀಫರು

ನಾನು ಬಿ.ಎ. ಓದುತ್ತಿದ್ದ 1990ರ ಸುಮಾರಿಗೆ, ಮೈಸೂರಿನ ಹಾಸ್ಟೆಲಿನಲ್ಲಿದ್ದ ತಮ್ಮ ರಜೆಗೆ ಹೆಗ್ಗರಣೆಗೆ ಬರುವಾಗ ಎರಡು ಕ್ಯಾಸೆಟ್ಟು ತಂದಿದ್ದ. ಒಂದರಲ್ಲಿ ಸಿ. ಅಶ್ವಥ್ ಸಂಗೀತದ ಶರೀಫರ ಪದಗಳು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾದಿಂದ ಆಗ ಅವು ಮನೆಮನೆಯ ಹಾಡಾಗಿದ್ದವು. ಇನ್ನೊಂದು ಇಂಗ್ಲಿಷ್ ರಾಕ್. ಯಾರೋ ಇಳಿಸಿಕೊಂಡದ್ದನ್ನು ಮತ್ತೊಬ್ಬರು ಇಳಿಸಿಕೊಂಡ ಪ್ರತಿ. ಹಾಗೆ ಕೈ ಬದಲಾದಂತೆಲ್ಲ ಮಾತು ಮಸುಕಾಗಿ, ಉಳಿದದ್ದು ಡ್ರಮ್ಮಿನ ಪೆಟ್ಟು, ಗಿಟಾರಿನ ಮೊರೆತ.

“ಎಂತದೋ ಇದು ಗಲಾಟೆ, ತಮಾ? ಒಂದಕ್ಷರ ತಿಳೀತಿಲ್ಲೆ” ಎಂದಳು ಆಯಿ.

“ಯಂಗೂ ತಿಳೀತಿಲ್ಲೆ ಆಯಿ. ಆದ್ರೂ ಕುಣಿಯವು ಅನಸ್ತು.”

ಆ ಹುಡುಗರ ಅವಸ್ಥೆಯೇ ಅದು. ರಾಗ ತಮ್ಮದಾಗಿತ್ತು, ಮಾತು ಆಗಿರಲಿಲ್ಲ. ಆ ಖಾಲಿ ಜಾಗಕ್ಕೆ ಕನ್ನಡ ಬಂದದ್ದನ್ನು ರಘು ದೀಕ್ಷಿತರಲ್ಲಿ ಕಾಣಬಹುದು. ಮೈಸೂರಿನಲ್ಲಿ ಭರತನಾಟ್ಯ ಕಲಿತು, ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದ ಈ ಹುಡುಗ ಗಿಟಾರು ಹಿಡಿದದ್ದು ಸಹಪಾಠಿಯೊಬ್ಬನ ಪಂಥಕ್ಕೆ. 1990ರ ದಶಕದ ಕೊನೆಯಲ್ಲಿ ‘ಅಂತರಾಗ್ನಿ’ ತಂಡ ಕಟ್ಟಿದರು. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದವು: ಗುಡುಗುಡಿಯದು, ಸೋರುವ ಮಾಳಿಗೆಯದು.

ಶರೀಫರೇ ಏಕೆ? ತತ್ವಪದದ ಕಟ್ಟೇ ಹಾಗಿದೆ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಎದುರಿಗೆ ಕುಳಿತವರೂ ದನಿಗೂಡಿಸಬಹುದು. ಏಕತಾರಿಯ ಒಂದೇ ಶ್ರುತಿಯ ಮೇಲೆ ಬೆಳೆದ ಹಾಡಿಗೆ ಗಿಟಾರಿನ ಎರಡು ಮೂರು ಸ್ವರಮೇಳಗಳೇ ಸಾಕು. ಚರಣಗಳ ನಡುವೆ ವಾದ್ಯಕ್ಕೂ ಜಾಗ ಸಿಗುತ್ತದೆ. ರಾಕ್ ಹಾಡಿಗೂ ಬೇಕಾದದ್ದು ಇವೇ.

ಆದರೆ ತೊಡಕೂ ಇದೆ. ಇಂಗ್ಲಿಷಿನಲ್ಲಿ ಮಾತಿನ ಒತ್ತನ್ನು ತಾಳದ ಪೆಟ್ಟಿಗೆ ಹೊಂದಿಸಿದರೆ ಹಾಡು ಕೂರುತ್ತದೆ. ನಮ್ಮಲ್ಲಿ ಹ್ರಸ್ವ ದೀರ್ಘಗಳೇ ಅರ್ಥವನ್ನು ಹಿಡಿದಿವೆ. ತಾಳದ ಪೆಟ್ಟಿಗೆಂದು ‘ಬಳೆ’ಯ ಮೊದಲಕ್ಷರವನ್ನು ಎಳೆದರೆ ಅದು ‘ಬಾಳೆ’ಯಾಗುತ್ತದೆ! ಇಂಗ್ಲಿಷ್ ರಾಗಕ್ಕೆ ಕನ್ನಡ ತುರುಕಿದ ಹಾಡುಗಳು ಎಡವುವುದು ಇಲ್ಲೇ. ಪುಸ್ತಕ ಮುಚ್ಚಿಟ್ಟು ಕೇಳಿ, ಪದ ಬಿಡಿಬಿಡಿಯಾಗಿ ಕಿವಿಗೆ ಬಿದ್ದರೆ ಹಾಡು ಗೆದ್ದಂತೆ. ಶರೀಫರ ಪದಗಳಲ್ಲಿ ಈ ಕೆಲಸವನ್ನು ಅವರೇ ಮಾಡಿಟ್ಟಿದ್ದರು. ಗಿಟಾರು ಅದರ ಹಿಂದೆ ನಡೆದರಾಯಿತು.

ವಾಸು ದೀಕ್ಷಿತರ ‘ಸ್ವರಾತ್ಮ’ ತಂಡದ ಮೊದಲ ಆಲ್ಬಮ್ 2009ರಲ್ಲಿ ಬಂತು. ಕಾಲೇಜು ಹುಡುಗರಿಗೆ ಕನ್ನಡದಲ್ಲಿ ಹಾಡುವುದು ನಾಚಿಕೆಯ ಸಂಗತಿಯಾಗಿ ಉಳಿಯಲಿಲ್ಲ.

ರಘು ದೀಕ್ಷಿತರ ಮಾಳಿಗೆಯ ಹಾಡನ್ನು ನನ್ನ ಮಗಳು ಮೊದಲ ಸಲ ಮನೆಯಲ್ಲಿ ಹಾಕಿದ್ದು ಒಂದು ಮಳೆಗಾಲದ ಸಂಜೆ. ಗಿಟಾರು ಕೇಳಿದ್ದೇ ನಾನು “ದನಿ ಸಣ್ಣ ಮಾಡೇ” ಎಂದು ಗದರಿದೆ. ಕತ್ತಲಲ್ಲಿ ಅಡಕೆ ಸುಲಿಯುತ್ತಿದ್ದ ಆಯಿ ಮಾತ್ರ ಕತ್ತಿ ಬದಿಗಿಟ್ಟು ಕಿವಿಗೊಟ್ಟಳು. ಎರಡನೇ ಸಲ ಪಲ್ಲವಿ ಬಂದಾಗ ಅವಳ ತುಟಿ ಅಲುಗುತ್ತಿತ್ತು. ಮುಗಿದ ಮೇಲೆ ಹೇಳಿದಳು: “ಇದು ತಿಳೀತು. ಇನ್ನೊಂದ್ಸಲ ಹಾಕು, ಕೂಸೆ.”