ಹೆಣ್ಣೊಪ್ಪಿಸುವ ಮಾತು

ಧಾರೆ ಮುಗಿದು, ಊಟದ ಗದ್ದಲ ಇಳಿದು, ಬೀಗರು ಹೊರಡುವ ಹೊತ್ತಿಗೆ ಹಿರಿಯರೊಬ್ಬರು ‘ಹೆಣ್ಣೊಪ್ಪಿಸೋ ಶಾಸ್ತ್ರ ಆಗಿಬಿಡ್ಲಿ’ ಅನ್ನುತ್ತಾರೆ. ಕೆಲವು ಮನೆಗಳಲ್ಲಿ ಮಗಳ ಅಂಗೈಯನ್ನು ಹಾಲಿನಲ್ಲಿ ಅದ್ದಿ, ಆ ಒದ್ದೆ ಕೈಯನ್ನು ಅತ್ತೆ ಮಾವಂದಿರ ಕೈಯಲ್ಲಿಡುತ್ತಾರೆ. ಧಾರೆಯ ಹೊತ್ತಿನಲ್ಲಿ ಪುರೋಹಿತರು ಹೇಳಿಕೊಟ್ಟ ಗೋತ್ರ ಪ್ರವರಗಳನ್ನು ತಡವರಿಸದೆ ಹೇಳಿದ ಅಪ್ಪನಿಗೆ ಗಂಟಲು ಕಟ್ಟುವುದು ಇಲ್ಲಿ.

‘ಒಪ್ಪಿಸು’ ನಮ್ಮ ದಿನಬಳಕೆಯ ಮಾತು. ಮಗು ಮೇಷ್ಟ್ರಿಗೆ ಪಾಠ ಒಪ್ಪಿಸುತ್ತದೆ. ಕೆಲಸ ಬಿಡುವವನು ಬೀಗದ ಕೈ, ಲೆಕ್ಕದ ಪುಸ್ತಕ ಒಪ್ಪಿಸಿ ಹೋಗುತ್ತಾನೆ. ಹಟ ಹಿಡಿದ ಅಜ್ಜನನ್ನು ಮನೆಯವರೆಲ್ಲ ಸೇರಿ ಒಪ್ಪಿಸುತ್ತಾರೆ. ಎಲ್ಲ ಕಡೆಯೂ ಎದುರಿಗೊಬ್ಬರು ಇರಲೇಬೇಕು, ಅವರು ‘ಹೂಂ’ ಅನ್ನಲೇಬೇಕು. ಒಪ್ಪುವವರಿಲ್ಲದೆ ಒಪ್ಪಿಸುವುದು ಆಗದು. ದಾನ ಹಾಗಲ್ಲ; ಕೊಟ್ಟವನು ಆಮೇಲೆ ಕೇಳುವಂತಿಲ್ಲ. ಒಪ್ಪಿಸಿದವನು ಮಾತ್ರ ನಾಳೆ ಬಂದು ‘ಹೇಗಿದ್ದಾಳೆ?’ ಎಂದು ಕೇಳಬಹುದು.

ಮಗಳನ್ನು ಕಳಿಸುವ ಅಪ್ಪನ ಮಾತೆಂದರೆ ಮೊದಲು ನೆನಪಾಗುವವನು ಕಾಳಿದಾಸನ ಕಣ್ವ. ‘ಶಾಕುಂತಲ’ದ ನಾಲ್ಕನೆಯ ಅಂಕದಲ್ಲಿ, ಕಾಡಿನಲ್ಲಿರುವ ನನಗೇ ಇಷ್ಟು ಸಂಕಟವಾದರೆ ಸಂಸಾರಿಗಳ ಪಾಡೇನು ಎಂದು ಅವನು ಕೇಳಿಕೊಳ್ಳುತ್ತಾನೆ. ಸಾಕುಮಗಳಿಗಾಗಿ ಹುಟ್ಟಿದ ಆ ಸಂಕಟ ನಿಜ. ಆದರೆ ಅಂಕ ಮುಗಿಯುವಾಗ ಅವನ ದನಿ ಬೇರೆ: ಮಗಳು ಎಂದಿದ್ದರೂ ಬೇರೆಯವರ ಸೊತ್ತು, ಇಟ್ಟುಕೊಂಡಿದ್ದ ಒತ್ತೆಯನ್ನು ಹಿಂದಿರುಗಿಸಿದಂತೆ ಮನಸ್ಸು ಹಗುರಾಯಿತು ಎಂಬ ಅರ್ಥದ ಮಾತು. ಮುಂದಿನ ಅಂಕದಲ್ಲೇ ದುಷ್ಯಂತ ಅವಳನ್ನು ಗುರುತಿಸುವುದಿಲ್ಲ. ಅವಳನ್ನು ಕಳಿಸಿದ್ದಾಗಿತ್ತು, ಒಪ್ಪಿಕೊಂಡವರು ಅಲ್ಲಿ ಯಾರೂ ಇರಲಿಲ್ಲ.

ವಿ.ಸೀ. (1899–1983) ಬರೆದ, ನಮ್ಮ ಮದುವೆಮನೆಗಳಲ್ಲಿ ಇಂದಿಗೂ ಹಾಡುವ ಹೆಣ್ಣೊಪ್ಪಿಸುವ ಪದ್ಯ ಈ ಕಾರಣಕ್ಕೇ ನನಗೆ ದೊಡ್ಡದು. ಅಲ್ಲಿ ಮಾತಾಡುವವರು ‘ನಾವು’, ಹೆತ್ತವರಿಬ್ಬರೂ ಸೇರಿ. ಮೊದಲ ಮಾತು ನೇರವಾಗಿ ಬೀಗರ ಕಡೆಗೆ. ಮಗಳನ್ನು ಕನ್ಯೆ ಎನ್ನದೆ ಮಗು ಎಂದು ಕರೆದು, ಒಪ್ಪಿಸುತ್ತೇವೆ ಎಂಬ ಕ್ರಿಯಾಪದವನ್ನೇ ಅದು ಬಳಸುತ್ತದೆ. ಜನ ಕಣ್ಣೊರೆಸಿಕೊಳ್ಳುವುದು ರಾಗಕ್ಕೆ ಮಾತ್ರವಲ್ಲ ಎಂದು ನನ್ನ ನಂಬಿಕೆ. ತಮ್ಮ ಬಾಯಿಗೆ ಬಾರದ ಕೋರಿಕೆಯನ್ನು ಕವಿ ಸಂಕೋಚವಿಲ್ಲದೆ ಬೀಗರ ಮುಂದಿಟ್ಟಿದ್ದಾರೆ.

ಈಗ ಕಲ್ಯಾಣಮಂಟಪಗಳಲ್ಲಿ ಈ ಹಾಡು ಸ್ಪೀಕರಿನಲ್ಲಿ ಬರುತ್ತದೆ, ಅಪ್ಪ ಫೋಟೋದವರು ಹೇಳಿದ ಕಡೆ ನಿಂತಿರುತ್ತಾನೆ. ನಿಮ್ಮ ಮನೆಯಲ್ಲಿ ಮದುವೆಯಾದಾಗ ಪದ್ಯವನ್ನು ಒಂದು ಹಾಳೆಯಲ್ಲಿ ಬರೆದು ಅವನ ಕೈಗೆ ಕೊಡಿ. ರಾಗ ಬಾರದಿದ್ದರೆ ಓದಲಿ, ನಡುವೆ ನಿಂತರೆ ಅಮ್ಮ ಮುಂದುವರಿಸಲಿ. ಬೀಗರು ಎದುರಿಗೆ ಕೂತು ಕೇಳಲಿ, ಕೊನೆಯಲ್ಲಿ ಬಾಯಿಬಿಟ್ಟು ‘ಒಪ್ಪಿಕೊಂಡೆವು’ ಎನ್ನಲಿ.